ಬೆಲ್ಲದ ರೇಟು ಎಷ್ಟು ಸಲ ಕಳಿಸಬಹುದು?

ಪಾಂಡವಪುರದ ಹತ್ತಿರ ನಮ್ಮಣ್ಣನ ಆಲೆಮನೆ ಇದೆ. ಅಲ್ಲಿ ತೆಗೆದ ಬೆಲ್ಲವನ್ನು ಮೈಸೂರಿನ ಮನೆಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಅಂಗಡಿ ಇಲ್ಲ, ವ್ಯಾಪಾರವೆಲ್ಲ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲೇ. ರೇಟಿನ ಮೆಸೇಜು ಹಾಕಿದ ದಿನ ಆರ್ಡರ್ ಬರುತ್ತದೆ, ಹಾಕದ ದಿನ ಬರುವುದಿಲ್ಲ. ಹಾಗಂತ ದಿನಾ ರೇಟು ಹಾಕಿದರೆ? ಕುವೆಂಪುನಗರದ ಒಬ್ಬರು ನೇರವಾಗಿ ಬರೆದರು: "ಅಕ್ಕ, ಬೆಲ್ಲ ಬೇಕಾದಾಗ ನಾವೇ ಕೇಳ್ತೀವಿ. ಪಾಯಸದ್ದು ಹೇಳಿದ್ರಲ್ಲ, ಅಂಥದ್ದು ಕಳಿಸ್ತಾ ಇರಿ."

ಪಾಯಸದ್ದು ಅಂದರೆ ಹಾಲು ಒಡೆಯದ ಹಾಗೆ ಬೆಲ್ಲ ಹಾಕುವ ಕ್ರಮ: ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ; ಹಾಲು ಒಲೆಯಿಂದ ಇಳಿಸಿ ಬಿಸಿ ಇಳಿದ ಮೇಲೆ ಬೆರೆಸಿ. ಅದರಲ್ಲಿ ರೇಟೂ ಇರಲಿಲ್ಲ, ಆರ್ಡರ್ ಮಾಡಿ ಎಂಬ ಮಾತೂ ಇರಲಿಲ್ಲ. ಒಬ್ಬರ ಮಾತಿನಿಂದ ಪಟ್ಟಿಯವರ ಮನಸ್ಸೆಲ್ಲ ತಿಳಿಯುವುದಿಲ್ಲವಲ್ಲ, ಅದಕ್ಕೆ ಪರೀಕ್ಷೆ ಮಾಡಲು ಕೂತೆ.

ಮೊಬೈಲ್ ನಂಬರಿನ ಕೊನೆಯ ಅಂಕಿ ಸಮ ಇದ್ದವರನ್ನು ಒಂದು ಪಟ್ಟಿಗೆ, ಬೆಸ ಇದ್ದವರನ್ನು ಇನ್ನೊಂದಕ್ಕೆ ಹಾಕಿದೆ. ಹಳೇ ಗಿರಾಕಿ, ಹೊಸ ಗಿರಾಕಿ ಅಂತ ಭಾಗ ಮಾಡಿದರೆ ಫಲಿತಾಂಶದ ವ್ಯತ್ಯಾಸ ಅವರಿಂದ ಬಂತೋ ಮೆಸೇಜಿನಿಂದ ಬಂತೋ ಗೊತ್ತಾಗುವುದಿಲ್ಲ. ಸಮದವರಿಗೆ ನಾಲ್ಕು ಮೆಸೇಜಿಗೆ ಒಂದು ಮಾರಾಟದ್ದು, ಬೆಸದವರಿಗೆ ಎರಡಕ್ಕೆ ಒಂದು; ಉಳಿದದ್ದೆಲ್ಲ ಪಾಯಸದ್ದರಂಥ ಉಪಯೋಗದ ಮೆಸೇಜು. ರೇಟು ಇದ್ದರೆ ಅದು ಮಾರಾಟದ ಮೆಸೇಜು ಅಂತಲೇ ಲೆಕ್ಕ, ಜೊತೆಗೆ ಎಷ್ಟು ಒಳ್ಳೆಯ ಮಾಹಿತಿ ಇದ್ದರೂ ಸರಿ. ಎರಡೂ ಪಟ್ಟಿಗೆ ಕಳಿಸುವ ಹೊತ್ತು ಒಂದೇ, ಮಧ್ಯಾಹ್ನ ಊಟವಾದ ಮೇಲೆ.

ಏನನ್ನು ಅಳೆಯಬೇಕು ಎಂಬುದೇ ಇಲ್ಲಿ ಮುಖ್ಯ. ಬರೀ ಆರ್ಡರ್ ಎಣಿಸಿದರೆ ಹೆಚ್ಚು ರೇಟು ಹಾಕಿದ ಪಟ್ಟಿಯೇ ಮೊದಲಿಗೆ ಗೆಲ್ಲುತ್ತದೆ. ನಾನು ನೋಡಿದ್ದು, ಮಾರಾಟದ ಮೆಸೇಜಿನ ನಂತರ ಬರುವ ಉಪಯೋಗದ ಮೆಸೇಜನ್ನು ಎಷ್ಟು ಜನ ಓದಿದರು ಎಂಬುದನ್ನು. ಬೇಸರ ಬಂದವರು ಬಯ್ಯುವುದಿಲ್ಲ, ತೆರೆಯುವುದನ್ನು ಬಿಡುತ್ತಾರೆ. ಮ್ಯೂಟ್ ಮಾಡಿದರೆ ನಮಗೆ ಕಾಣಿಸುವುದೂ ಇಲ್ಲ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರಿಗೆ ತಲುಪಿತು, ಯಾರು ಓದಿದರು ಎಂದು ಬೇರೆ ಬೇರೆ ತೋರಿಸುತ್ತದೆ. ನಮ್ಮ ನಂಬರ್ ಸೇವ್ ಮಾಡದವರಿಗೆ ಬ್ರಾಡ್‌ಕಾಸ್ಟ್ ಹೋಗುವುದೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿರುವವರ ಮೇಲೆ ಲೆಕ್ಕ ಹಾಕದೆ, ತಲುಪಿದವರಲ್ಲಿ ಓದಿದವರೆಷ್ಟು ಎಂದು ಎಣಿಸಬೇಕು. ನೀಲಿ ಟಿಕ್ ಆಫ್ ಮಾಡಿಕೊಂಡವರು ಎರಡೂ ಕಡೆ ಇರುತ್ತಾರೆ, ಅವರನ್ನು ಹಾಗೇ ಬಿಟ್ಟೆ.

ಶುರುವಿನಲ್ಲಿ ಎರಡು ಕಡೆಯೂ ನೂರಕ್ಕೆ ಎಪ್ಪತ್ತರ ಆಸುಪಾಸು ಓದುತ್ತಿದ್ದರು. ಸಮದವರು ಹಾಗೇ ಉಳಿದರು. ಬೆಸದವರಲ್ಲಿ ಮೊದಮೊದಲು ಆರ್ಡರ್ ಜಾಸ್ತಿ ಬಂತು, ಆಮೇಲೆ ಓದುವವರು ಅರ್ಧಕ್ಕಿಂತ ಕೆಳಗೆ ಇಳಿದರು, ಅದರ ಹಿಂದೆಯೇ ಆರ್ಡರೂ ಇಳಿಯಿತು. ಓದು ಮೊದಲು ಕುಸಿಯುತ್ತದೆ, ವ್ಯಾಪಾರ ನಿಧಾನವಾಗಿ ಅದರ ಹಿಂದೆ ಬರುತ್ತದೆ. ನೂರು ಚಿಲ್ಲರೆ ಜನರ ಪಟ್ಟಿಯಲ್ಲಿ ನಾಲ್ಕೈದು ಜನರ ಏರಿಳಿತಕ್ಕೆ ಅರ್ಥವಿಲ್ಲ. ಒಂದೇ ದಿಕ್ಕಿಗೆ ಮೇಲಿಂದ ಮೇಲೆ ಇಳಿದರೆ ಮಾತ್ರ ನಂಬಬಹುದು.

ಇನ್ನೊಂದನ್ನೂ ನೋಡಿದೆ. ನಾಲ್ಕಕ್ಕೆ ಒಂದು ಎಂಬ ಲೆಕ್ಕ ಕಾಪಾಡಿಕೊಂಡೇ ಎರಡು ರೇಟಿನ ಮೆಸೇಜನ್ನು ಒಂದರ ಹಿಂದೆ ಒಂದು ಹಾಕಿದರೂ ಓದುವವರು ಕಡಿಮೆಯಾದರು. ಜನಕ್ಕೆ ತಿಂಗಳ ಲೆಕ್ಕ ನೆನಪಿರುವುದಿಲ್ಲ, ಹಿಂದಿನ ಮೆಸೇಜು ನೆನಪಿರುತ್ತದೆ. ಈಗ ಎರಡು ಮಾರಾಟದ ಮಧ್ಯೆ ಉಪಯೋಗದ್ದು ಕಡಿಮೆಯೆಂದರೂ ಎರಡು ಇರಲೇಬೇಕು ಅಂತ ಇಟ್ಟುಕೊಂಡಿದ್ದೇನೆ: ಮಳೆಗಾಲದಲ್ಲಿ ಬೆಲ್ಲ ನೀರೊಡೆಯದಂತೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಇಡುವುದು, ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲ ಯಾಕೆ ಅಷ್ಟು ಹಳದಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಹಾಕುವುದು, ಇಂಥವು.

ಐದು ಕೆಜಿ ಕೊಂಡವರಿಗೆ 'ತಗೊಂಡವರು' ಅಂತ ಲೇಬಲ್ ಹಾಕಿ ಒಂದು ತಿಂಗಳು ರೇಟಿನ ಮೆಸೇಜಿನಿಂದ ಹೊರಗಿಡುತ್ತೇನೆ. ಡಬ್ಬಿ ತುಂಬಿರುವ ಮನೆಗೆ ರೇಟು ಕಳಿಸಿದರೆ ಕಿರಿಕಿರಿ ಬಿಟ್ಟು ಬೇರೇನೂ ಸಿಗದು.

ಈ ಲೆಕ್ಕವೆಲ್ಲ ಸಂಕ್ರಾಂತಿಗೆ ನಡೆಯುವುದಿಲ್ಲ. ಜನವರಿ ಹುಟ್ಟುತ್ತಿದ್ದಂತೆ ಎಳ್ಳು-ಬೆಲ್ಲಕ್ಕೆ ಅಚ್ಚು ಬೆಲ್ಲ ಇದೆಯಾ, ಯಾವತ್ತು ತಂದುಕೊಡ್ತೀರಿ ಎಂದು ಅವರೇ ಕೇಳುತ್ತಾರೆ. ಆಗ ರೇಟೂ ಮನೆಗೆ ತಲುಪಿಸುವ ದಿನವೂ ಅವರಿಗೆ ಬೇಕಾದ ಮಾಹಿತಿಯೇ, ಬೆನ್ನುಬೆನ್ನಿಗೆ ಹಾಕಿದರೂ ಓದುತ್ತಾರೆ. ಆದ್ದರಿಂದ ಹಬ್ಬದ ವಾರಗಳ ಅಂಕಿಯನ್ನು ಪರೀಕ್ಷೆಗೆ ಸೇರಿಸುವುದಿಲ್ಲ, ಹಬ್ಬ ಮುಗಿದ ಮರುದಿನವೇ ಮತ್ತೆ ನಾಲ್ಕಕ್ಕೆ ಒಂದು.