ಚೆನ್ನೆಮಣೆ ಆಟಕ್ಕೆ ಬೆಲೆ ಕಟ್ಟುವುದು ಹೇಗೆ?

ಮೊಬೈಲ್ ಆಟದಿಂದ ಹಣ ಬರುವ ದಾರಿ ಯಾವುದು ಎಂಬುದನ್ನು ಆಟವನ್ನು ಪ್ಲೇ ಸ್ಟೋರ್‌ಗೆ ಏರಿಸುವ ಮೊದಲೇ ತೀರ್ಮಾನಿಸಬೇಕು. ಒಮ್ಮೆ ಉಚಿತವೆಂದು ಪ್ರಕಟಿಸಿದ ಆ್ಯಪನ್ನು ಹಣ ಕೊಟ್ಟು ಇಳಿಸಿಕೊಳ್ಳುವ ಆ್ಯಪ್ ಆಗಿ ಬದಲಿಸಲು ಗೂಗಲ್ ಪ್ಲೇ ಬಿಡುವುದಿಲ್ಲ. ಉಚಿತ ಆಟದ ಒಳಗೆ ಜಾಹೀರಾತನ್ನೋ ಖರೀದಿಯನ್ನೋ ಸೇರಿಸಬಹುದು, ಅಷ್ಟೇ. ಹಾಗಾಗಿ ‘ಮೊದಲು ಜನ ಬರಲಿ, ಹಣದ ಮಾತು ಆಮೇಲೆ’ ಎನ್ನುವವರು ಜಾಹೀರಾತು, ಬಣ್ಣ-ಬೆಡಗಿನ ವಸ್ತುಗಳ ಮಾರಾಟ, ಒಮ್ಮೆಯ ಖರೀದಿ ಎಂಬ ಮೂರು ದಾರಿಗಳಲ್ಲಿ ಕೊನೆಯದನ್ನು ಅರಿವಿಲ್ಲದೆಯೇ ಅರ್ಧ ಮುಚ್ಚಿಕೊಂಡಿರುತ್ತಾರೆ.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಮಂಗಳೂರಿನ ಕದ್ರಿಯಲ್ಲಿ ಅಕ್ಕ ಮತ್ತು ತಮ್ಮ ಸೇರಿ ಚೆನ್ನೆಮಣೆಯನ್ನು ಮೊಬೈಲ್ ಆಟವಾಗಿ ಮಾಡಿದ್ದಾರೆ ಎಂದುಕೊಳ್ಳಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಫೋನಿನ ಎದುರು ಒಬ್ಬರೇ ಆಡಬಹುದು, ಅಥವಾ ಒಂದೇ ಫೋನನ್ನು ನಡುವೆ ಇಟ್ಟುಕೊಂಡು ಇಬ್ಬರು ಆಡಬಹುದು. ಒಂದು ಪಂದ್ಯಕ್ಕೆ ಏಳೆಂಟು ನಿಮಿಷ. ಅಕ್ಕ ಕೋಡ್ ಬರೆಯುತ್ತಾಳೆ, ತಮ್ಮ ಚಿತ್ರ ಬರೆಯುತ್ತಾನೆ.

ಹೆಜ್ಜೆ 1: ಪ್ರತಿ ದಾರಿಗೂ ಒಂದೇ ಪ್ರಶ್ನೆ ಕೇಳಿ

ಆಟ ಕೆಟ್ಟರೆ ನನ್ನ ಆದಾಯ ಹೆಚ್ಚುತ್ತದೆಯೇ? ಇದೇ ಪ್ರಶ್ನೆ. ಜಾಹೀರಾತಿನ ವಿಷಯದಲ್ಲಿ ಉತ್ತರ ಹೌದು: ಆಟವನ್ನು ಹೆಚ್ಚು ಬಾರಿ ತಡೆದಷ್ಟೂ, ಕನಿಷ್ಠ ಮೊದಲ ಕೆಲವು ವಾರ, ಹೆಚ್ಚು ಹಣ. ಬಣ್ಣ-ಬೆಡಗಿನ ವಸ್ತುಗಳ ಮಾರಾಟದಲ್ಲಿಯೂ ಅರ್ಧ ಹೌದು: ಉಚಿತ ಮಣೆ ಮಂಕಾಗಿ ಕಂಡಷ್ಟೂ ಹಣದ ಮಣೆಯ ಮೇಲೆ ಕಣ್ಣು ಬೀಳುತ್ತದೆ. ಒಮ್ಮೆಯ ಖರೀದಿಯಲ್ಲಿ ಮಾತ್ರ ಇಲ್ಲ. ಹಣ ಕೊಟ್ಟಾದ ಮೇಲೆ ಆಡುವವರನ್ನು ಸತಾಯಿಸಿ ಏನೂ ಸಿಗುವುದಿಲ್ಲ. ಇದರರ್ಥ ಮೊದಲ ಎರಡು ದಾರಿಗಳು ತಪ್ಪು ಎಂದಲ್ಲ. ಅವುಗಳಲ್ಲಿ ಮೂರು ತಿಂಗಳ ನಂತರ, ಆದಾಯ ಇಳಿದ ದಿನ, ಕೈ ಯಾವ ಗುಂಡಿಯತ್ತ ಹೋಗುತ್ತದೆ ಎಂಬುದು ಈಗಲೇ ಗೊತ್ತಿರಬೇಕು. ಅದಕ್ಕೊಂದು ಮಿತಿಯನ್ನು ಈಗಲೇ ಬರೆದಿಡಬೇಕು.

ಹೆಜ್ಜೆ 2: ಕೈಯಲ್ಲಿ ಫೋನ್ ಹಿಡಿಯುವವರು ಯಾರು?

ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆಯನ್ನು ನೆನಪಿಸಿಕೊಳ್ಳುವವರು ಅಜ್ಜಿಯರು, ಅಮ್ಮಂದಿರು. ಅವರ ಪಕ್ಕದಲ್ಲಿ ಕುಳಿತು ಅದೇ ಫೋನಿನಲ್ಲಿ ಆಡುವವರು ಮಕ್ಕಳು. ಆಟವನ್ನು ಸ್ಟೋರ್‌ಗೆ ಏರಿಸುವ ತಾಣವಾದ ಪ್ಲೇ ಕನ್ಸೋಲ್‌ನಲ್ಲಿ ಅದು ಯಾವ ವಯಸ್ಸಿನವರಿಗೆ ಎಂದು ಹೇಳಬೇಕಾಗುತ್ತದೆ. ಮಕ್ಕಳನ್ನೂ ಸೇರಿಸಿದರೆ ಗೂಗಲ್ ಪ್ಲೇಯ ಕುಟುಂಬ ನೀತಿ ಅನ್ವಯವಾಗುತ್ತದೆ. ಆಗ ಮಕ್ಕಳಿಗೆ ಅವರ ಆಸಕ್ತಿಯ ಜಾಡು ಹಿಡಿದ ಜಾಹೀರಾತು ತೋರಿಸುವಂತಿಲ್ಲ, ಗೂಗಲ್ ಒಪ್ಪಿದ ಜಾಹೀರಾತು ಜಾಲಗಳನ್ನಷ್ಟೇ ಬಳಸಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇನ್ನೂ ಬಿಗಿ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ಅದು ನಿಷೇಧಿಸುತ್ತದೆ.

ನನ್ನ ಅಭಿಪ್ರಾಯ ನೇರವಾಗಿದೆ. ಆಟ ಮುಖ್ಯವಾಗಿ ಮಕ್ಕಳಿಗೆಂದೇ ಇದ್ದರೆ ಜಾಹೀರಾತನ್ನೂ ಅಂಗಡಿಯನ್ನೂ ಬಿಟ್ಟುಬಿಡಿ. ಹೆತ್ತವರು ಒಮ್ಮೆ ಹಣ ಕೊಡಲಿ. ಜಾಹೀರಾತು ಯಾವುದು, ಆಟ ಯಾವುದು ಎಂದು ಆರು ವರ್ಷದ ಮಗು ಬೇರೆ ಮಾಡಲಾರದು. ನಮ್ಮ ಅಕ್ಕ-ತಮ್ಮನ ಆಟ ದೊಡ್ಡವರದ್ದು, ಮಕ್ಕಳೂ ಮುಟ್ಟುವಂಥದ್ದು. ಆದ್ದರಿಂದ ಅವರು ಜಾಹೀರಾತು ಜಾಲದಲ್ಲಿ ಎಲ್ಲ ವಯಸ್ಸಿನವರಿಗೂ ತಕ್ಕ ವರ್ಗವನ್ನಷ್ಟೇ ಆರಿಸಿ, ಜೂಜು, ಸಾಲ, ಡೇಟಿಂಗ್‌ನಂಥ ವರ್ಗಗಳನ್ನು ಪಟ್ಟಿಯಿಂದ ತೆಗೆಯಬೇಕು. ಇದರಿಂದ ಆದಾಯ ಸ್ವಲ್ಪ ಇಳಿಯುತ್ತದೆ. ಇಳಿಯಲಿ.

ಹೆಜ್ಜೆ 3: ಒಬ್ಬ ಗ್ರಾಹಕನೆಂದರೆ ಎಷ್ಟು ಜಾಹೀರಾತು, ಲೆಕ್ಕ ಹಾಕಿ

ಹೆಚ್ಚಿನವರು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಪೂರ್ತಿ ಪರದೆಯ ಜಾಹೀರಾತು ಸಾವಿರ ಬಾರಿ ಕಾಣಿಸಿದರೆ 50 ರೂಪಾಯಿ ಬರುತ್ತದೆ ಎಂದು ಇಟ್ಟುಕೊಳ್ಳೋಣ. ನಿಮ್ಮ ಆಟದ ನಿಜವಾದ ದರ ಜಾಲದ ವರದಿಯಲ್ಲಿ ಸಿಗುತ್ತದೆ, ಅದನ್ನೇ ಇಲ್ಲಿ ಹಾಕಿಕೊಳ್ಳಿ. ಈ ದರದಲ್ಲಿ ಒಂದು ಜಾಹೀರಾತಿಗೆ ಐದು ಪೈಸೆ. ದಿನಕ್ಕೆ ಸಾವಿರ ಜನ ಆಡಿ, ಪ್ರತಿಯೊಬ್ಬರೂ ಒಂದೊಂದು ಜಾಹೀರಾತು ನೋಡಿದರೆ ದಿನಕ್ಕೆ 50, ತಿಂಗಳಿಗೆ 1,500 ರೂಪಾಯಿ. ಗೂಗಲ್‌ನ ಜಾಹೀರಾತು ಜಾಲವಾದ ಆ್ಯಡ್‌ಮಾಬ್ ನೂರು ಡಾಲರ್ ಸೇರುವ ತನಕ ಹಣ ಕಳಿಸುವುದಿಲ್ಲ. ಅಂದರೆ ಮೊದಲ ಪಾವತಿಗೇ ಆರು ತಿಂಗಳ ಹತ್ತಿರ ಕಾಯಬೇಕು.

ಈಗ ಇನ್ನೊಂದು ಬದಿ. ಜಾಹೀರಾತು ತೆಗೆಯಲು 99 ರೂಪಾಯಿ ಎಂದು ಇಡಿ. ಅದರಲ್ಲಿ ಶೇ 18 ಜಿಎಸ್‌ಟಿಯ ಪಾಲು, ಆಮೇಲೆ ಸಣ್ಣ ಡೆವಲಪರ್‌ಗಳಿಂದ ಗೂಗಲ್ ತೆಗೆದುಕೊಳ್ಳುವ ಶೇ 15ರ ಪಾಲು ಕಳೆದರೆ ಕೈಗೆ 70 ರೂಪಾಯಿ ಆಸುಪಾಸು. ಐದು ಪೈಸೆಯ ಲೆಕ್ಕದಲ್ಲಿ 70 ರೂಪಾಯಿ ಎಂದರೆ 1,400 ಜಾಹೀರಾತು. ದಿನಕ್ಕೊಂದರಂತೆ ನೋಡಿದರೂ ಹೆಚ್ಚುಕಡಿಮೆ ನಾಲ್ಕು ವರ್ಷ! ಒಬ್ಬರು ಹಣ ಕೊಟ್ಟರೆ ಅವರ ನಾಲ್ಕು ವರ್ಷದ ಜಾಹೀರಾತು ಒಂದೇ ಬಾರಿ ತೀರಿತು.

ಇಲ್ಲಿಗೆ ಬಂದಾಗ ತಮ್ಮ ಕೇಳಿಯೇ ಕೇಳುತ್ತಾನೆ: “ಹಾಗಾದರೆ ಜಾಹೀರಾತನ್ನು ಎರಡು ಪಟ್ಟು ಮಾಡಿದರೆ ಕಿರಿಕಿರಿ ತಾಳಲಾರದೆ ಜನ 99 ಕೊಡುವುದಿಲ್ಲವೇ ಅಕ್ಕಾ?” ಕೆಲವರು ಕೊಡುತ್ತಾರೆ. ಹೆಚ್ಚಿನವರು ಆಟವನ್ನು ಅಳಿಸುತ್ತಾರೆ. ಹೊಸದಾಗಿ ಬಂದ ನೂರು ಜನರಲ್ಲಿ ಒಬ್ಬರೋ ಇಬ್ಬರೋ ಕೊಳ್ಳುವ ಕಡೆ, ಉಳಿದವರು ನಾಳೆಯೂ ಆಡಬೇಕು, ಪಕ್ಕದ ಮನೆಯವರಿಗೆ ಹೇಳಬೇಕು. ಒಂದು ವಾರ ಆಡಿ ಇಷ್ಟಪಟ್ಟವರೇ ಕೊಳ್ಳುವುದು. ಮೊದಲ ದಿನವೇ ರೇಗಿದವರು ಆ ವಾರದವರೆಗೆ ಉಳಿಯುವುದಿಲ್ಲ.

ಹೆಜ್ಜೆ 4: ಜಾಹೀರಾತಿನ ಜಾಗ ಗುರುತಿಸಿ

ಚೆನ್ನೆಮಣೆಯಲ್ಲಿ ಆಡುವವರು ಗುಳಿಗಳಲ್ಲಿರುವ ಕಾಯಿಗಳನ್ನು ಮನಸ್ಸಿನಲ್ಲಿ ಎಣಿಸುತ್ತಿರುತ್ತಾರೆ. ಪಂದ್ಯದ ನಡುವೆ ಜಾಹೀರಾತು ಬಂದರೆ ಲೆಕ್ಕ ತಪ್ಪುತ್ತದೆ, ಪಂದ್ಯವೇ ಹಾಳು. ಕೆಳಗೆ ಅಂಟಿಕೊಂಡಿರುವ ಪಟ್ಟಿ ಜಾಹೀರಾತೂ ಬೇಡ. ಅದು ಕೊಡುವ ಹಣ ಅತಿ ಕಡಿಮೆ, ಕೆಳಸಾಲಿನ ಗುಳಿ ಮುಟ್ಟಲು ಹೋದ ಬೆರಳು ಅದರ ಮೇಲೆ ಬೀಳುತ್ತದೆ. ಉಳಿಯುವ ಜಾಗ ಒಂದೇ: ಪಂದ್ಯ ಮುಗಿದು, ಫಲಿತಾಂಶ ನೋಡಿ ಆದ ಮೇಲೆ. ಎರಡು ಪಂದ್ಯಕ್ಕೊಮ್ಮೆ, ಮೊದಲ ದಿನ ಒಂದೂ ಇಲ್ಲ ಎಂಬ ಮಿತಿ ಇಡಿ. ಆಟದ ನಡುವೆ ಅಥವಾ ಹಂತದ ಆರಂಭದಲ್ಲಿ ಅನಿರೀಕ್ಷಿತವಾಗಿ ಬರುವ ಪೂರ್ತಿ ಪರದೆಯ ಜಾಹೀರಾತನ್ನೂ, 15 ಸೆಕೆಂಡ್ ಕಳೆದರೂ ಮುಚ್ಚಲಾಗದ ಜಾಹೀರಾತನ್ನೂ ಗೂಗಲ್ ಪ್ಲೇ 2022ರಿಂದಲೇ ಒಪ್ಪುವುದಿಲ್ಲ.

ತಪ್ಪಾಗಿದೆಯೇ ಎಂದು ತಿಳಿಯಲು ವರದಿಯಲ್ಲಿ ಕ್ಲಿಕ್ಕಿನ ಪ್ರಮಾಣ ನೋಡಿ. ‘ಮತ್ತೊಂದು ಪಂದ್ಯ’ ಗುಂಡಿಯ ಜಾಗ ಬದಲಿಸಿದ ವಾರವೇ ಅದು ದಿಢೀರನೆ ಏರಿದರೆ ಸಂತೋಷಪಡಬೇಡಿ. ಜನ ಜಾಹೀರಾತನ್ನು ಮೆಚ್ಚಿದ್ದಲ್ಲ, ಗುಂಡಿ ಒತ್ತಲು ಹೋದ ಬೆರಳಿನ ಕೆಳಗೆ ಜಾಹೀರಾತು ಬಂದು ನಿಂತಿದೆ. ಇಂಥ ಕ್ಲಿಕ್‌ಗಳನ್ನು ಜಾಲದವರು ಅಮಾನ್ಯವೆಂದು ಲೆಕ್ಕ ಹಾಕಿ ಖಾತೆಯನ್ನೇ ನಿಲ್ಲಿಸಬಹುದು. ಫಲಿತಾಂಶದ ಪರದೆಗೂ ಜಾಹೀರಾತಿಗೂ ನಡುವೆ ಒಂದೆರಡು ಸೆಕೆಂಡ್ ಬಿಡುವು ಕೊಟ್ಟರೆ ಸರಿಹೋಗುತ್ತದೆ.

ಹೆಜ್ಜೆ 5: ಬಣ್ಣ-ಬೆಡಗು ಮಾರುವ ಮೊದಲು ನೋಡುವವರು ಇದ್ದಾರೆಯೇ ನೋಡಿ

ಹಲಸಿನ ಮರದ ಮಣೆ, ಮಂಜೊಟ್ಟಿ ಕಾಯಿ, ಕವಡೆ, ಹುಣಸೆಬೀಜ. ತಮ್ಮನಿಗೆ ಇವೆಲ್ಲವನ್ನೂ ಚೆಂದವಾಗಿ ಬರೆದು ಒಂದೊಂದಕ್ಕೂ 29 ರೂಪಾಯಿ ಇಡುವ ಆಸೆ. ಆದರೆ ಇಂಥ ವಸ್ತುಗಳು ಮಾರಾಟವಾಗುವುದು ಇತರರು ನೋಡುವ ಆಟಗಳಲ್ಲಿ. ಫೋನಿನ ಎದುರು ಒಬ್ಬರೇ ಆಡುವ ಚೆನ್ನೆಮಣೆಯಲ್ಲಿ ಹೊಸ ಮಣೆಯನ್ನು ನೋಡುವವರು ಯಾರೂ ಇಲ್ಲ. ಆನ್‌ಲೈನ್‌ನಲ್ಲಿ ಎದುರಾಳಿ ಸಿಗುವ ತನಕ ಅಂಗಡಿ ತೆರೆಯುವುದರಲ್ಲಿ ಅರ್ಥವಿಲ್ಲ ಎನ್ನುತ್ತೇನೆ. ಅವನ್ನೆಲ್ಲ 99 ರೂಪಾಯಿಯ ಖರೀದಿಯ ಒಳಗೇ ಸೇರಿಸಿ ಕೊಟ್ಟರೆ ಕೊಂಡವರಿಗೂ ತೃಪ್ತಿ.

ಇನ್ನೊಂದು ಸೂಕ್ಷ್ಮವಿದೆ. ಗುಳಿಯಲ್ಲಿ ಎಷ್ಟು ಕಾಯಿ ಇದೆ ಎಂದು ಒಂದೇ ನೋಟಕ್ಕೆ ತಿಳಿಯುವುದು ಈ ಆಟದಲ್ಲಿ ಅರ್ಧ ಗೆಲುವು. ಉಚಿತ ಮಣೆಯಲ್ಲಿ ಕಂದು ಗುಳಿಯೊಳಗೆ ಕಂದು ಬೀಜ ಇಟ್ಟು, ಎದ್ದು ಕಾಣುವ ಕೆಂಪು ಮಂಜೊಟ್ಟಿಯನ್ನು ಹಣಕ್ಕೆ ಇಟ್ಟರೆ ಅದು ಅಲಂಕಾರವಾಗಿ ಉಳಿಯುವುದಿಲ್ಲ; ಗೆಲ್ಲುವ ಅನುಕೂಲವನ್ನೇ ಮಾರಿದಂತಾಗುತ್ತದೆ. ಕಣ್ಣು ಮಂಜಾದ ಅಜ್ಜಿಗಂತೂ ಆಟವೇ ಮುಚ್ಚಿದಂತೆ. ಪರೀಕ್ಷೆ ಸುಲಭ: ಉಚಿತ ಮಣೆಯಲ್ಲೂ ಹಣದ ಮಣೆಯಲ್ಲೂ ಅದೇ ವ್ಯಕ್ತಿಯಿಂದ ಕಾಯಿ ಎಣಿಸಿ ನೋಡಿ. ಹಣದ ಮಣೆಯಲ್ಲಿ ಬೇಗ ಎಣಿಸಿದರೆ ಆ ಬಣ್ಣ ಎಲ್ಲರಿಗೂ ಉಚಿತವಾಗಬೇಕು.

ಮುಂದೊಂದು ದಿನ ಅಂಗಡಿ ತೆರೆದರೆ ಬೆಲೆಯನ್ನು ರೂಪಾಯಿಯಲ್ಲೇ ಬರೆಯಿರಿ. 50 ಅಥವಾ 100 ನಾಣ್ಯಗಳ ಗಂಟು ಮಾರಿ, ಮಣೆಗೆ 80 ನಾಣ್ಯ ಎಂದರೆ 20 ನಾಣ್ಯ ಉಳಿಯುತ್ತದೆ. ಆ 20 ಮತ್ತೊಂದು ಗಂಟು ಕೊಳ್ಳಲು ಎಳೆಯುತ್ತದೆ. ಏನು ಸಿಗುತ್ತದೆಂದು ತಿಳಿಯದ ಪೆಟ್ಟಿಗೆಗಳಂತೂ ಬೇಡವೇ ಬೇಡ. ಆಟಿಗೆಂದು ವಿಶೇಷ ಮಣೆ ಮಾಡುವುದಾದರೆ ‘ಇನ್ನು ಎರಡೇ ಗಂಟೆ’ ಎಂದು ಗಡಿಯಾರ ಓಡಿಸಬೇಡಿ. ಕೃತಕ ಅವಸರ ಹುಟ್ಟಿಸುವುದು, ಪದೇ ಪದೇ ಕಾಡುವುದು, ಬೇಡವೆಂದವರಿಗೆ ನಾಚಿಕೆಯಾಗುವಂಥ ಮಾತು ತೋರಿಸುವುದು ಮುಂತಾದ 13 ಬಗೆಯ ಮರೆಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದೆ. ಆಟಿ ಪ್ರತಿ ವರ್ಷವೂ ಬರುತ್ತದೆ; ಮಣೆಯೂ ಮುಂದಿನ ಆಟಿಗೆ ಮರಳುತ್ತದೆ ಎಂದು ಬರೆದುಬಿಡಿ.

ಹೆಜ್ಜೆ 6: ಕೊಂಡದ್ದು ಕೊಂಡವರ ಬಳಿ ಉಳಿಯುವಂತೆ ಮಾಡಿ

ಒಮ್ಮೆಯ ಖರೀದಿಯಲ್ಲಿ ನಂಬಿಕೆ ಮುರಿಯುವುದು ಬೆಲೆಯಿಂದಲ್ಲ, ಕೋಡಿನಿಂದ. ಹಣ ಬಂದ ಮೂರು ದಿನದೊಳಗೆ ಆಟವು acknowledgePurchase ಮೂಲಕ ಖರೀದಿಯನ್ನು ಒಪ್ಪಿಕೊಳ್ಳದಿದ್ದರೆ ಗೂಗಲ್ ಹಣವನ್ನು ತಾನಾಗಿಯೇ ಹಿಂದಿರುಗಿಸಿ ಖರೀದಿ ರದ್ದುಮಾಡುತ್ತದೆ. ‘ಮೂರು ದಿನ ಚೆನ್ನಾಗಿತ್ತು, ಮತ್ತೆ ಜಾಹೀರಾತು ಬರುತ್ತಿದೆ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಫೋನ್ ಬದಲಿಸಿದವರಿಗೂ ಖರೀದಿ ಮರಳಿ ಸಿಗಬೇಕು. ಅದಕ್ಕೆ ಆಟ ತೆರೆದಾಗಲೆಲ್ಲ queryPurchasesAsync ಕರೆದು ಪರಿಶೀಲಿಸಬೇಕು. ‘ಜಾಹೀರಾತು ತೆಗೆಯಿರಿ’ ಎಂಬ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಒಂದು, ಫಲಿತಾಂಶದ ಪರದೆಯಲ್ಲಿ ಚಿಕ್ಕದಾಗಿ ಒಂದು ಇದ್ದರೆ ಸಾಕು.

ಕೊನೆಯದಾಗಿ ಸ್ಟೋರ್‌ನ ವಿವರಣೆಯ ಮೊದಲ ಸಾಲುಗಳಲ್ಲೇ ಎಲ್ಲವನ್ನೂ ಹೇಳಿಬಿಡಿ. ಅಕ್ಕ-ತಮ್ಮನ ಆಟಕ್ಕೆ ನಾನು ಬರೆದುಕೊಡುವುದು ಹೀಗೆ: ‘ಆಟ ಪೂರ್ತಿ ಉಚಿತ. ಮೊದಲ ದಿನ ಜಾಹೀರಾತು ಇಲ್ಲ; ಆಮೇಲೆ ಎರಡು ಪಂದ್ಯಕ್ಕೊಮ್ಮೆ, ಪಂದ್ಯ ಮುಗಿದ ಬಳಿಕ ಒಂದು. 99 ರೂಪಾಯಿ ಒಮ್ಮೆ ಕೊಟ್ಟರೆ ಜಾಹೀರಾತು ಶಾಶ್ವತವಾಗಿ ಹೋಗುತ್ತದೆ, ಹೊಸ ಮಣೆ, ಹೊಸ ಕಾಯಿಗಳು ಸಿಗುತ್ತವೆ. ಗೆಲ್ಲಲು ನೆರವಾಗುವ ಯಾವುದೂ ಇಲ್ಲಿ ಮಾರಾಟಕ್ಕಿಲ್ಲ.’ ಈ ಸಾಲುಗಳಲ್ಲಿ ಒಂದನ್ನಾದರೂ ಬದಲಿಸಬೇಕಾದ ಅಪ್‌ಡೇಟ್ ಬಂದರೆ, ಅದನ್ನು ಬಿಡುಗಡೆ ಮಾಡುವ ಮೊದಲು ಈಗಾಗಲೇ ಹಣ ಕೊಟ್ಟವರಿಗೆ ಹಳೆಯ ಷರತ್ತೇ ಮುಂದುವರಿಯುವಂತೆ ಕೋಡಿನಲ್ಲಿ ಏರ್ಪಾಡು ಮಾಡಿ.