ಟಾಸ್ಕ್ ‘ಮುಗಿಯಿತು’ ಎನ್ನುವ ಮುನ್ನ: ಕೋಡ್ ಬರೆಯುವವರಿಗೊಂದು ಸಲಹೆ

ಸ್ವಪರಿಶೀಲನೆಯ ಪಟ್ಟಿಯಲ್ಲಿ ‘ಪರೀಕ್ಷಿಸಿದ್ದೇನೆಯೇ?’ ಎಂಬಂಥ ಪ್ರಶ್ನೆಗಳನ್ನು ತೆಗೆದುಹಾಕಿ, ಪರದೆಯನ್ನು ನೋಡದೆ ಉತ್ತರಿಸಲಾಗದ ನಾಲ್ಕೈದು ಪ್ರಶ್ನೆಗಳನ್ನಷ್ಟೇ ಇಟ್ಟುಕೊಳ್ಳಿ: `git status` ಕೊಟ್ಟಾಗ ಸೇರಿಸದೆ ಬಿಟ್ಟ ಹೊಸ ಫೈಲು ಕಾಣುತ್ತಿದೆಯೇ, `git diff main...HEAD` ತೋರಿಸುವ ಬದಲಾವಣೆಗಳಲ್ಲಿ `console.log` ಉಳಿದಿದೆಯೇ, ಹೊಸ ಸೆಟ್ಟಿಂಗಿನ ಹೆಸರು `.env.example` ಫೈಲಿನಲ್ಲೂ ಇದೆಯೇ, ಖಾಲಿ ಫಾರ್ಮ್ ಸಲ್ಲಿಸಿದಾಗ ಬಂದ ಸಂದೇಶ ಯಾವುದು. ಮೊದಲ ಬಗೆಯ ಪ್ರಶ್ನೆಗೆ ಕೈ ತಾನಾಗಿಯೇ ಟಿಕ್ ಹಾಕಿಬಿಡುತ್ತದೆ, ಎರಡನೆಯದಕ್ಕೆ ನೋಡಲೇಬೇಕು. ಇಂಥ ಪಟ್ಟಿಗೆ ಚೆನ್ನಾಗಿ ಸಿಕ್ಕಿಬೀಳುವುದು ಮರೆವಿನ ತಪ್ಪುಗಳು: ಸೇರಿಸದ ಫೈಲು ನಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುವುದರಿಂದ ಪ್ರೋಗ್ರಾಂ ಇಲ್ಲಿ ಸಲೀಸಾಗಿ ನಡೆಯುತ್ತದೆ, ಸಹೋದ್ಯೋಗಿಯ ಕಡೆ ಮಾತ್ರ ಕೆಡುತ್ತದೆ. ಆದರೆ ತಪ್ಪು ತಿಳಿವಳಿಕೆಯ ಮುಂದೆ ಪಟ್ಟಿ ನಿರುಪಯುಕ್ತ. 1,000 ರೂಪಾಯಿಯ ಬಿಲ್ಲಿನಲ್ಲಿ 100 ರೂಪಾಯಿ ರಿಯಾಯಿತಿ ಕಳೆದು ಶೇ. 18 ತೆರಿಗೆ ಹಾಕಿದರೆ 1,062 ಆಗುತ್ತದೆ. ತೆರಿಗೆ ಹಾಕಿದ ಮೇಲೆ ರಿಯಾಯಿತಿ ಕಳೆದರೆ 1,080. ಕ್ರಮವನ್ನೇ ತಪ್ಪಾಗಿ ತಿಳಿದವರು ಬರೆದ ಕೋಡು ಎಲ್ಲ ಪ್ರಶ್ನೆಗಳನ್ನೂ ದಾಟಿ ಹೋಗುತ್ತದೆ, ಏಕೆಂದರೆ ಬರೆದವರೂ ಪರಿಶೀಲಿಸಿದವರೂ ಒಬ್ಬರೇ. ಅಂಥ ಲೆಕ್ಕಕ್ಕೆ, ಕೆಲಸ ಒಪ್ಪಿಸಿದವರಿಂದ ಒಂದು ಮಾದರಿ ಬಿಲ್ಲನ್ನು ಮೊದಲೇ ಕೇಳಿ ಪಡೆದು ಅದರೊಂದಿಗೆ ತಾಳೆ ನೋಡುವುದು ಲೇಸು.