ಒಂದು ತಿಂಗಳ ಕರೆಗಳು, ಒಂದು ಪುಟದ ಮೆಮೊ

ಮನೆಗಳಿಗೆ ಹೋಗಿ ವಾಟರ್ ಪ್ಯೂರಿಫೈಯರ್ ಸರ್ವಿಸ್ ಮಾಡುವ ಕಂಪನಿ ನಮ್ಮದು. ತಿಂಗಳಿಡೀ ರೆಕಾರ್ಡ್ ಆದ ಕಸ್ಟಮರ್ ಕೇರ್ ಕರೆಗಳನ್ನು ಸೋಸಿ, ಮುಖ್ಯವಾದ ಮೂರು ದೂರುಗಳನ್ನು ಲೆಕ್ಕದ ಸಮೇತ ಮೇಲಿನವರಿಗೆ ಬರೆದು ಕೊಡುವುದು ನನ್ನ ಕೆಲಸ.

ಏಜೆಂಟರು ಪ್ರತಿ ಕರೆಗೂ ಒಂದು ಟ್ಯಾಗ್ ಹಾಕಿರುತ್ತಾರೆ. ಅದನ್ನೇ ಎಣಿಸಿಬಿಟ್ಟರೆ ಹತ್ತು ನಿಮಿಷದಲ್ಲಿ ಮೆಮೊ ರೆಡಿ. ಆದರೆ ಆ ಲೆಕ್ಕದಲ್ಲಿ ಯಾವಾಗಲೂ ‘ವಿಚಾರಣೆ’ಯೇ ಮುಂದು. ಒಂದು ಕರೆ ಕೇಳಿ ನೋಡಿ. “ಮೇಡಂ, ಟೆಕ್ನಿಷಿಯನ್ ಯಾವಾಗ ಬರ್ತಾರೆ?” ಏಜೆಂಟ್ ಅಷ್ಟಕ್ಕೇ ವಿಚಾರಣೆ ಅಂತ ಒತ್ತಿರುತ್ತಾರೆ. ಅರ್ಧ ನಿಮಿಷ ಬಿಟ್ಟು ಅದೇ ಗ್ರಾಹಕರು, “ನಿನ್ನೆ ಬರ್ತೀವಿ ಅಂದಿದ್ರಿ, ಸುಮ್ನೆ ರಜೆ ಹಾಕ್ಕೊಂಡು ಕೂತಿದ್ದೆ” ಅನ್ನುತ್ತಾರೆ. ಇದು ದೂರು, ಅಲ್ವಾ? ಹಾಗಾಗಿ ನಾನು ಟ್ಯಾಗ್ ನಂಬುವುದಿಲ್ಲ, ಕರೆಯನ್ನು ಪೂರ್ತಿ ಕೇಳುತ್ತೇನೆ.

ಎಲ್ಲವನ್ನೂ ಕೇಳಲು ಆಗುವುದಿಲ್ಲ. ಕರೆಗಳ ಪಟ್ಟಿಯಲ್ಲಿ ಒಂದೊಂದು ಫೋನ್ ನಂಬರಿಗೂ ಒಂದೇ ಸಾಲು ಬರುವಂತೆ ಮಾಡಿ, ಪಕ್ಕದಲ್ಲಿ ಲಾಟರಿ ಎತ್ತಿದ ಹಾಗೆ ಯಾವುದೋ ಒಂದು ಅಂಕಿ ಕೊಡುವ `=RAND()` ಹಾಕಿ, ಅದನ್ನು ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, ಆಮೇಲೆ ಸಾರ್ಟ್ ಮಾಡುತ್ತೇನೆ. ಪೇಸ್ಟ್ ಮಾಡದಿದ್ದರೆ ಶೀಟ್ ಮುಟ್ಟಿದಾಗಲೆಲ್ಲ ಅಂಕಿ ಬದಲಾಗುತ್ತದೆ. ಮೇಲಿನ 200 ನಂಬರ್ ತೆಗೆದುಕೊಂಡು, ಆ ತಿಂಗಳು ಅವರು ಮಾಡಿದ ಕರೆಗಳನ್ನೆಲ್ಲ ಕೇಳುತ್ತೇನೆ. ಬಿಡಿ ಕರೆಗಳನ್ನು ಆರಿಸಿದರೆ ಒಬ್ಬರೇ ಎಷ್ಟು ಸಲ ಫೋನ್ ಮಾಡಿದರು ಅನ್ನುವುದು ಕೈತಪ್ಪಿ ಹೋಗುತ್ತದೆ.

ಅದು ಯಾಕೆ ಬೇಕು ಅನ್ನುವುದು ಕಳೆದ ಮೆಮೊದಲ್ಲೇ ಕಾಣುತ್ತದೆ. ಹೇಳಿದ ದಿನ ಟೆಕ್ನಿಷಿಯನ್ ಬರಲಿಲ್ಲ ಅಂದವರು 61 ಮಂದಿ, ಅವರ ಕರೆ 118. ಫೋನಿನಲ್ಲಿ ಹೇಳಿದ್ದಕ್ಕಿಂತ ಬಿಲ್ ಜಾಸ್ತಿ ಬಂತು ಅಂದವರು 24 ಮಂದಿ, ಕರೆ 27. ಸರ್ವಿಸ್ ಆದ ಮೇಲೂ ನೀರು ಸೋರುತ್ತಿದೆ ಅಂದವರು 21 ಮಂದಿ, ಕರೆ 49. ಜನರನ್ನು ಎಣಿಸಿದರೆ ಬಿಲ್ ಎರಡನೆಯದು, ಕರೆಗಳನ್ನು ಎಣಿಸಿದರೆ ಸೋರಿಕೆ. ಎರಡೂ ಅಂಕಿ ಕೊಡುತ್ತೇನೆ, ಕ್ರಮ ಮಾತ್ರ ಜನರ ಲೆಕ್ಕದ ಮೇಲೆ. 200 ಜನರಲ್ಲಿ 24ಕ್ಕೂ 21ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದಕ್ಕೇ ‘ಇವೆರಡೂ ಹೆಚ್ಚುಕಡಿಮೆ ಸಮ’ ಅಂತಲೂ ಬರೆದೆ. ಇಲ್ಲದಿದ್ದರೆ ಮುಂದಿನ ತಿಂಗಳು ಜಾಗ ಅದಲುಬದಲಾದಾಗ ಮೀಟಿಂಗ್‌ನಲ್ಲಿ ಅದೇ ದೊಡ್ಡ ಚರ್ಚೆ.

ಒಬ್ಬರೇ ಎರಡು ದೂರು ಹೇಳಿದರೆ? ಮೊದಲ ಸಲ ಯಾವುದಕ್ಕೆ ಫೋನ್ ಮಾಡಿದರೋ ಅದಕ್ಕೇ ಎಣಿಸುತ್ತೇನೆ. ಎಣಿಸುವ ಮುಂಚೆ ಸಹೋದ್ಯೋಗಿಯೊಬ್ಬರಿಗೆ 20 ಗ್ರಾಹಕರ ಕರೆಗಳನ್ನು ಕೊಟ್ಟು, ನಾನು ಹಾಕಿದ ಗುರುತು ತೋರಿಸದೆ, ಯಾರದು ಯಾವ ದೂರು ಅಂತ ಗುರುತು ಹಾಕಿಸುತ್ತೇನೆ. ನಾಲ್ಕೈದು ಕಡೆ ನಮ್ಮಿಬ್ಬರದು ಹೊಂದದಿದ್ದರೆ ದೂರಿನ ವಿವರಣೆಯೇ ಸಡಿಲ ಅಂತ ಅರ್ಥ, ಅದನ್ನು ಬಿಗಿ ಮಾಡಿ ಮತ್ತೆ ಶುರು.

ಮೆಮೊದಲ್ಲಿ ಒಂದೊಂದು ದೂರಿನ ಕೆಳಗೂ ಗ್ರಾಹಕರ ಒಂದು ಮಾತು ಇರುತ್ತದೆ, ಹೆಸರು, ನಂಬರ್ ತೆಗೆದು. ಕೊನೆಯ ಸಾಲಿನಲ್ಲಿ, ಲೈನ್ ಸಿಗದೆ ಇಟ್ಟುಬಿಟ್ಟವರು ಈ ಲೆಕ್ಕದಲ್ಲಿಲ್ಲ ಅಂತ ಬರೆಯುತ್ತೇನೆ. ಅವರದು ರೆಕಾರ್ಡೇ ಆಗಿರುವುದಿಲ್ಲ.